ವಾರವಾರಕ್ಕೂ ಇಳಿಯುವ ಕಣ್ಣಿನ ಹನಿ: ನಾಲ್ಕೇ ನೆನಪೋಲೆ ಸಾಕಾಯಿತು

ಅಮ್ಮನ ಪೊರೆ ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಸ್ಟೀರಾಯ್ಡ್ ಹನಿ ಬರೆದುಕೊಟ್ಟರು: ಮೊದಲ ವಾರ ದಿನಕ್ಕೆ 4 ಸಲ, ಆಮೇಲೆ ವಾರಕ್ಕೊಂದರಂತೆ 3, 2, 1. ಎರಡನೇ ವಾರವೂ ಅಮ್ಮ ನಾಲ್ಕು ಸಲವೇ ಹಾಕಿಕೊಳ್ಳುತ್ತಿದ್ದರು.

ಮೊಬೈಲಿನ ಅಲಾರಂ ನಿಲ್ಲಿಸುವವರೆಗೂ ಬಡಿದುಕೊಳ್ಳುತ್ತದೆ; ಅದಕ್ಕೆ ಕೊನೆಯ ದಿನಾಂಕವಿಲ್ಲ. ಫ್ರಿಜ್ ಮೇಲೆ ಅಂಟಿಸಿದ ಚೀಟಿಯಲ್ಲಿ ಈಗ ಎಷ್ಟನೇ ವಾರ ಎಂಬುದೇ ಮರೆಯುತ್ತಿತ್ತು. ಕ್ಯಾಲೆಂಡರಿನಲ್ಲಿ ವಾರಕ್ಕೊಂದು ಗುಂಪು ಮಾಡಿದರೆ ಹತ್ತು ನಮೂದು, ತಪ್ಪೂ ಅಷ್ಟೇ.

ವಾರವನ್ನು ಬಿಟ್ಟು ಹೊತ್ತನ್ನು ಹಿಡಿದಾಗ ಸರಿಹೋಯಿತು. ಮುಂದಿನ ಸಲ, ಇನ್ನೊಂದು ಕಣ್ಣಿಗೆ, ಗೂಗಲ್ ಕ್ಯಾಲೆಂಡರಿನಲ್ಲಿ ನಾಲ್ಕೇ ನಮೂದು ಮಾಡಿದೆ. ಎಲ್ಲದಕ್ಕೂ ಆರಂಭ ಒಂದೇ ದಿನ, ಪೂರ್ತಿ ನಾಲ್ಕು ಹನಿ ಬೀಳುವ ಮೊದಲ ದಿನ. ಪುನರಾವರ್ತನೆಯಲ್ಲಿ Custom ಆರಿಸಿ, ಪ್ರತಿದಿನ ಎಂದಿಟ್ಟು, Ends ಕೆಳಗೆ After ಒತ್ತಿ ಸಂಖ್ಯೆ ಕೊಟ್ಟೆ:

ಬೆಳಿಗ್ಗೆ 8: 28 ಸಲ
ರಾತ್ರಿ 8: 21
ಸಂಜೆ 4: 14
ಮಧ್ಯಾಹ್ನ 12: 7

ಏಳನೇ ದಿನದ ನಂತರ ಹನ್ನೆರಡರದ್ದು ತಾನೇ ನಿಲ್ಲುತ್ತದೆ, ಮುಂದಿನ ವಾರ ನಾಲ್ಕರದ್ದು. ಸೂಚನೆಯನ್ನು ಮಾತ್ರ ಅದೇ ಹೊತ್ತಿಗೆ ಬರುವಂತೆ ಬದಲಿಸಬೇಕು. ಇಲ್ಲದಿದ್ದರೆ ಅದು ಮುಂಚಿತವಾಗಿ ಬರುತ್ತದೆ. ಸಂಖ್ಯೆಗಳು ನಿಮ್ಮ ಚೀಟಿಯಲ್ಲಿದ್ದಂತೆಯೇ ಇರಲಿ. ಮರುಪರೀಕ್ಷೆಯಲ್ಲಿ ವೈದ್ಯರು ಒಂದು ವಾರ ಹೆಚ್ಚಿಸಿದರೆ ಸಂಖ್ಯೆಗಳನ್ನು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ.