ಸ್ಲ್ಯಾಬಿನಲ್ಲಿ ಕನ್‌ಸ್ಟ್ರಕ್ಷನ್ ಜಾಯಿಂಟ್: ಗೆರೆ ಎಲ್ಲಿ ಎಳೆದೆ, ಹಳೆಯ ಮುಖವನ್ನು ಹೇಗೆ ಸಿದ್ಧಪಡಿಸಿದೆ

ಒಂದೇ ದಿನದಲ್ಲಿ ಮುಗಿಸಲಾಗದಷ್ಟು ದೊಡ್ಡ ಮಹಡಿಯ ಕಾಂಕ್ರೀಟನ್ನು ಎರಡು ಭಾಗಗಳಾಗಿ ಹಾಕುವ ಕೆಲಸವೊಂದರಲ್ಲಿ, ಮೊದಲ ಭಾಗ ಎಲ್ಲಿ ನಿಲ್ಲಬೇಕು, ಎಂದರೆ ಹಳೆಯ ಮತ್ತು ಹೊಸ ಕಾಂಕ್ರೀಟ್ ಕೂಡುವ ಕನ್‌ಸ್ಟ್ರಕ್ಷನ್ ಜಾಯಿಂಟಿನ ಗೆರೆ ಎಲ್ಲಿ ಬರಬೇಕು ಎಂಬುದನ್ನು ನಾನೇ ನಿರ್ಧರಿಸಬೇಕಾಗಿತ್ತು. ಮುಖ್ಯ ಬೀಮುಗಳು 6 ಮೀಟರ್ ಉದ್ದದವು. ಪ್ರತಿ ಮುಖ್ಯ ಬೀಮಿನ ನಟ್ಟನಡುವೆ, ಎರಡೂ ಬದಿಗಳಿಂದ 7 ಮೀಟರ್ ಉದ್ದದ ಸೆಕೆಂಡರಿ ಬೀಮುಗಳು ಬಂದು ಕೂಡುತ್ತಿದ್ದವು. ಕಂಬಗಳ ಸಾಲಿನ ಮೇಲೂ ಅದೇ ದಿಕ್ಕಿನಲ್ಲಿ ಬೀಮುಗಳಿದ್ದುದರಿಂದ, ಸ್ಲ್ಯಾಬಿನ ಪ್ರತಿ ಅಂಕಣವೂ 3 ಮೀಟರ್ ಅಗಲ, 7 ಮೀಟರ್ ಉದ್ದವಿದ್ದು, ಭಾರವನ್ನು 3 ಮೀಟರಿನ ದಿಕ್ಕಿನಲ್ಲಿಯೇ ಬೀಮುಗಳಿಗೆ ಒಪ್ಪಿಸುತ್ತಿತ್ತು. ಕೆಲಸದ ಅನುಕೂಲಕ್ಕಾಗಿ ಮೊದಲು ಸೂಚಿಸಲಾಗಿದ್ದ ಗೆರೆ ಮುಖ್ಯ ಬೀಮುಗಳನ್ನು ಅಡ್ಡಲಾಗಿ ಕತ್ತರಿಸಿಕೊಂಡು ಹೋಗುತ್ತಿತ್ತು. ಬೀಮಿನ ಮಧ್ಯದ ಮೂರನೇ ಒಂದು ಭಾಗದಲ್ಲಿ ಜಾಯಿಂಟ್ ಇರಬಹುದು ಎಂಬ ಪ್ರಸಿದ್ಧ ನಿಯಮಕ್ಕೆ ಅದು ಮೇಲ್ನೋಟಕ್ಕೆ ಸರಿಹೊಂದುತ್ತಿತ್ತು. ಆದರೂ ನಾನು ಆ ಗೆರೆಯನ್ನು ಒಪ್ಪಲಿಲ್ಲ.

ಆ ನಿಯಮ ಏಕೆ ಹುಟ್ಟಿತು ಎಂಬುದನ್ನು ನೋಡಿದರೆ ಕಾರಣ ತಿಳಿಯುತ್ತದೆ. ನಡುವಿನಲ್ಲಿ ಬಾಗುವಿಕೆ ಅತಿ ಹೆಚ್ಚಿರುವುದರಿಂದ ಅಲ್ಲಿ ಜಾಯಿಂಟ್ ಕೊಡುವುದು ಅಪಾಯವೆಂದು ಹಲವರು ಭಾವಿಸುತ್ತಾರೆ. ಆದರೆ ಬಾಗುವಿಕೆಯಿಂದ ಬೀಮಿನ ಮೇಲ್ಭಾಗದಲ್ಲಿ ಉಂಟಾಗುವ ಒತ್ತಡವು ನೆಟ್ಟಗಿನ ಜಾಯಿಂಟಿನ ಎರಡು ಮುಖಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ, ಕೆಳಭಾಗದ ಎಳೆತವನ್ನು ಹೇಗೂ ಕಂಬಿಗಳೇ ಹೊರುತ್ತವೆ. ಜಾಯಿಂಟ್ ನಿಜವಾಗಿ ಸೋಲುವುದು ಶಿಯರಿಗೆ, ಅಂದರೆ ಒಂದು ಮುಖ ಇನ್ನೊಂದರ ಮೇಲೆ ಜಾರುವ ಬಲಕ್ಕೆ. ಸಮನಾಗಿ ಹರಡಿದ ಭಾರವಿರುವ ಬೀಮಿನಲ್ಲಿ ಈ ಬಲ ಆಧಾರದ ಬಳಿ ಅತಿ ಹೆಚ್ಚಿದ್ದು, ನಡುವಿಗೆ ಬರುತ್ತಾ ಇಳಿದು ಸೊನ್ನೆಯಾಗುತ್ತದೆ. ಮಧ್ಯದ ಮೂರನೇ ಒಂದು ಭಾಗದ ಅಂಚಿನಲ್ಲಿ ಅದು ಆಧಾರದ ಬಳಿ ಇರುವುದರ ಮೂರನೇ ಒಂದರಷ್ಟು ಮಾತ್ರ.

ನಮ್ಮ ಮುಖ್ಯ ಬೀಮಿನ ಮೇಲಿದ್ದ ಭಾರ ಸಮನಾಗಿ ಹರಡಿದ್ದಲ್ಲ. ಬೀಮುಗಳು ತುದಿಗಳಲ್ಲಿ ಸರಳವಾಗಿ ಕೂತಿವೆ ಎಂದು ಲೆಕ್ಕ ಹಾಕಿದಾಗ, ಪ್ರತಿ ಸೆಕೆಂಡರಿ ಬೀಮಿನ ತುದಿಯಿಂದ ಸುಮಾರು 90 ಕಿಲೋನ್ಯೂಟನ್, ಎರಡೂ ಬದಿಗಳಿಂದ ಸೇರಿ 180 ಕಿಲೋನ್ಯೂಟನ್ ಭಾರ ಮುಖ್ಯ ಬೀಮಿನ ನಡುವೆ ಒಂದೇ ಜಾಗದಲ್ಲಿ ಬೀಳುತ್ತಿತ್ತು. ಹೀಗೆ ನಡುವೆ ಬಿದ್ದ ಭಾರ ಎರಡೂ ಕಡೆಗೆ 90ರಂತೆ ಹಂಚಿಕೊಂಡು, ಆಧಾರದವರೆಗೂ ಇಳಿಯದೆ ಹಾಗೆಯೇ ಹೋಗುತ್ತದೆ. ಬೀಮಿನ ಸ್ವಂತ ತೂಕದಿಂದ ಆಧಾರದ ಕಡೆಗೆ ಸ್ವಲ್ಪ ಕೂಡುತ್ತದೆ, ಅಷ್ಟೆ. ಆದ್ದರಿಂದ ಅಲ್ಲಿ ಮಧ್ಯದ ಮೂರನೇ ಒಂದು ಭಾಗವೆಂಬ ಸುರಕ್ಷಿತ ವಲಯವೇ ಇರಲಿಲ್ಲ. ಕೂಡುವ ಬೀಮಿನಿಂದ ಅದರ ಅಗಲದ ಎರಡು ಪಟ್ಟು ದೂರಕ್ಕೆ ಜಾಯಿಂಟನ್ನು ಸರಿಸಬೇಕು ಎಂಬ ಇನ್ನೊಂದು ನಿಯಮವಿದೆ. 230 ಮಿಲಿಮೀಟರ್ ಅಗಲದ ಬೀಮಿಗೆ ಅದು 460 ಮಿಲಿಮೀಟರ್ ಆಗುತ್ತದೆ. ಹಾಗೆ ಸರಿಸಿದರೆ ಕೂಡುವ ಜಾಗದ ಇಕ್ಕಟ್ಟಿನಿಂದ ಜಾಯಿಂಟ್ ಹೊರಬರುತ್ತದೆಯೇ ಹೊರತು ಶಿಯರ್ ಕಡಿಮೆಯಾಗುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ ಹೆಚ್ಚುವರಿ ಕಂಬಿ ಕೊಡಬೇಕಾಗುತ್ತದೆ.

ಆದುದರಿಂದ ಗೆರೆಯನ್ನು 90 ಡಿಗ್ರಿ ತಿರುಗಿಸಿ, ಮುಖ್ಯ ಬೀಮುಗಳಿಗೆ ಸಮಾನಾಂತರವಾಗಿ, ಸೆಕೆಂಡರಿ ಬೀಮುಗಳ ನಟ್ಟನಡುವೆ, ಎಂದರೆ ತುದಿಯಿಂದ 3.5 ಮೀಟರಿಗೆ ತಂದೆ. ಈ ಬೀಮುಗಳಿಗೆ ಭಾರ ಬರುವುದು ಸ್ಲ್ಯಾಬಿನಿಂದ, ಉದ್ದಕ್ಕೂ ಸಮನಾಗಿ. ಅರ್ಧ ಬೀಮಿನ ಮೇಲೆ ಮಾತ್ರ ಜನ ಮತ್ತು ಸಾಮಾನಿನ ಭಾರ ಬಿದ್ದರೂ ನಡುವೆ ಬರುವ ಶಿಯರ್ ಸುಮಾರು 10 ಕಿಲೋನ್ಯೂಟನ್ ಮಾತ್ರ, ಮುಖ್ಯ ಬೀಮಿನ 90ರ ಮುಂದೆ ಇದು ಬಹಳ ಕಡಿಮೆ. ಇನ್ನು ಸ್ಲ್ಯಾಬಿನಲ್ಲಿ ಗೆರೆ ಮುಖ್ಯ ಕಂಬಿಗಳಿಗೆ ಸಮಾನಾಂತರವಾಗಿ ಸಾಗಿ, ಅವುಗಳಿಗೆ ಅಡ್ಡಲಾಗಿರುವ ಡಿಸ್ಟ್ರಿಬ್ಯೂಷನ್ ಕಂಬಿಗಳನ್ನು ಮಾತ್ರ ದಾಟುತ್ತಿತ್ತು. ಒಂದೇ ದಿಕ್ಕಿನಲ್ಲಿ ಭಾರ ಹೊರುವ ಸ್ಲ್ಯಾಬಿಗೆ ಇದರಿಂದ ತೊಂದರೆಯಿಲ್ಲ. ಎರಡು ಮುಖ್ಯ ಕಂಬಿಗಳ ನಡುವಿನ ಖಾಲಿ ಜಾಗದಲ್ಲಿ ಗೆರೆ ಬರುವಂತೆ ನೋಡಿಕೊಂಡರೆ ಸಾಕು. ಅಂಕಣ ಚೌಕಾಕಾರವಾಗಿದ್ದು ಎರಡೂ ದಿಕ್ಕಿನಲ್ಲಿ ಭಾರ ಹೊರುವುದಾಗಿದ್ದರೆ ಸ್ಲ್ಯಾಬಿನ ಗೆರೆಯನ್ನೂ ಅದರ ಮಧ್ಯಭಾಗದೊಳಗೇ ಇಡಬೇಕಾಗುತ್ತಿತ್ತು. ಹೊರಚಾಚಿದ ಕ್ಯಾಂಟಿಲಿವರ್ ಭಾಗಕ್ಕಂತೂ ನಾನು ಯಾವತ್ತೂ ಗೆರೆ ಹಾಕುವುದಿಲ್ಲ, ಏಕೆಂದರೆ ಅದರ ಬುಡದಲ್ಲಿ ಬಾಗುವಿಕೆ ಮತ್ತು ಶಿಯರ್ ಎರಡೂ ಒಟ್ಟಿಗೆ ಗರಿಷ್ಠವಾಗಿರುತ್ತವೆ. ಅದನ್ನು ಒಳಗಿನ ಅಂಕಣದ ಜೊತೆಗೇ ಹಾಕಿ ಮುಗಿಸುತ್ತೇನೆ.

ಗೆರೆಯ ಜಾಗದಷ್ಟೇ ಅದರ ಆಕಾರವೂ ಮುಖ್ಯ. ಕಾಂಕ್ರೀಟನ್ನು ಹರಿದಷ್ಟು ಹರಿಯಲು ಬಿಟ್ಟು ಇಳಿಜಾರಾಗಿ ನಿಲ್ಲಿಸಿದರೆ ಅಂಚು ತೆಳ್ಳಗಾಗಿ, ಅಲ್ಲಿ ಜಲ್ಲಿಯಿಲ್ಲದ ಬರಿಯ ಗಾರೆ ಉಳಿಯುತ್ತದೆ ಮತ್ತು ಬಾಗುವಿಕೆಯ ಒತ್ತಡ ಬಂದಾಗ ಇಳಿಜಾರು ಮುಖವೇ ಜಾರುದಾರಿಯಾಗುತ್ತದೆ. ಅದಕ್ಕಾಗಿ ಬೀಮಿನ ಪೂರ್ಣ ಆಳಕ್ಕೂ ಸ್ಲ್ಯಾಬಿನ ಪೂರ್ಣ ದಪ್ಪಕ್ಕೂ ಪ್ಲೈವುಡ್ಡಿನ ಅಡ್ಡಹಲಗೆಗಳನ್ನು ನೆಟ್ಟಗೆ ನಿಲ್ಲಿಸಿದೆವು. ಕಂಬಿಗಳು ಹಾದುಹೋಗಲು ಹಲಗೆಯಲ್ಲಿ ಕಚ್ಚುಗಳನ್ನು ಕೊರೆದು, ಕಂಬಿಯ ಸುತ್ತ ಉಳಿದ ಸಂದುಗಳಿಗೆ ಸ್ಪಂಜನ್ನು ಬಿಗಿಯಾಗಿ ತುರುಕಿದೆವು. ಈ ಸಂದುಗಳಿಂದ ಸಿಮೆಂಟ್ ಹಾಲು ಸೋರಿಹೋದರೆ ಜಾಯಿಂಟಿನ ಮುಖದಲ್ಲಿ ಬರಿಯ ಜಲ್ಲಿ ಉಳಿದು, ಕಂಬಿಯ ಸುತ್ತಲೇ ಜೇನುಗೂಡಿನಂತೆ ಟೊಳ್ಳಾದ ಹನಿಕೋಂಬ್ ಆಗುತ್ತದೆ. ಬೀಮನ್ನು ಅರ್ಧ ಆಳಕ್ಕೆ ತುಂಬಿ, ಸ್ಲ್ಯಾಬಿನ ಮಟ್ಟವನ್ನು ಮರುದಿನಕ್ಕೆ ಬಿಡುವುದಕ್ಕೆ ನಾನು ಅವಕಾಶ ಕೊಡಲಿಲ್ಲ, ಏಕೆಂದರೆ ಡಿಸೈನಿನಲ್ಲಿ ಸ್ಲ್ಯಾಬ್ ಮತ್ತು ಬೀಮ್ ಒಂದೇ ತುಂಡಾಗಿ ಕೆಲಸ ಮಾಡುತ್ತವೆ ಎಂದು ಭಾವಿಸಲಾಗಿತ್ತು.

ಬೀಮಿನ ನಡುವೆ ನಿಲ್ಲಿಸುವುದರಿಂದ ಬರುವ ಒಂದು ಹೊಣೆಯನ್ನು ಇಲ್ಲಿ ಹೇಳಲೇಬೇಕು. ಅರ್ಧ ಹಾಕಿದ ಸೆಕೆಂಡರಿ ಬೀಮ್ ಇನ್ನೂ ಬೀಮ್ ಆಗಿರುವುದಿಲ್ಲ. ಅದು ಮುಖ್ಯ ಬೀಮಿನಿಂದ 3.5 ಮೀಟರ್ ಹೊರಚಾಚಿದ, ಆ ಕೆಲಸಕ್ಕೆ ಬೇಕಾದ ಮೇಲ್ಗಂಬಿ ಇಲ್ಲದ ತುಂಡು. ಹಾಗಾಗಿ ಎರಡನೆಯ ಭಾಗ ಹಾಕಿ ಅದು ಬಲ ಪಡೆಯುವವರೆಗೂ, ಹಳೆಯ ಭಾಗಕ್ಕೆ ಎಷ್ಟೇ ದಿನವಾಗಿದ್ದರೂ, ಆ ಅಂಕಣಗಳ ಕೆಳಗೆ ಆಸರೆಯಾಗಿ ನಿಲ್ಲಿಸಿದ ಒಂದು ಪ್ರಾಪನ್ನೂ ತೆಗೆಯಬಾರದೆಂದು ಸೆಂಟ್ರಿಂಗ್ ಕೆಲಸದವರಿಗೆ ಬರೆದುಕೊಟ್ಟೆ. ಜಾಯಿಂಟಿನಿಂದ ಹೊರಚಾಚಿದ ಕಂಬಿಗಳ ಮೇಲೆ ಯಾರೂ ನಡೆಯದಂತೆ ಹಲಗೆಗಳನ್ನು ಹಾಕಿಸಿದೆ. ಎಳೆಯ ಕಾಂಕ್ರೀಟಿನಲ್ಲಿ ಕಂಬಿ ಅಲುಗಾಡಿದರೆ ಅದರ ಸುತ್ತಲಿನ ಹಿಡಿತವೇ ಬಿಟ್ಟುಹೋಗುತ್ತದೆ, ಅದನ್ನು ಮತ್ತೆ ಸರಿಪಡಿಸುವ ದಾರಿಯಿಲ್ಲ.

ಮರುದಿನ ಬೆಳಗ್ಗೆ ಅಡ್ಡಹಲಗೆಗಳನ್ನು ಬಿಚ್ಚಿದಾಗ ಕಂಡ ಮುಖ ಕನ್ನಡಿಯಂತೆ ನುಣುಪಾಗಿತ್ತು. ನೋಡುವುದಕ್ಕೆ ಒಳ್ಳೆಯದೆನಿಸುವ ಈ ನುಣುಪೇ ತೆಗೆದುಹಾಕಬೇಕಾದ ವಸ್ತು. ಹಲಗೆಗೆ ತಾಗಿದ ಕಡೆ ಸಿಮೆಂಟಿನ ತೆಳು ಚರ್ಮ ಮತ್ತು ಶಟರಿಂಗ್ ಎಣ್ಣೆಯ ಅಂಶ ಉಳಿದಿರುತ್ತದೆ. ಮೇಲ್ಮುಖವಾಗಿರುವ ಜಾಯಿಂಟಿನಲ್ಲಾದರೆ ಮೇಲೆ ಬಂದ ನೀರಿನೊಂದಿಗೆ ಎದ್ದ ಸಿಮೆಂಟ್ ಮತ್ತು ಧೂಳು ಸೇರಿ, ಲೇಟೆನ್ಸ್ ಎಂದು ಕರೆಯುವ ಬಿಳಿಚಿದ ದುರ್ಬಲ ಪದರವಾಗಿ ಕೂತಿರುತ್ತದೆ. ಮೊಳೆಯಿಂದ ಗೀಚಿದರೆ ಅದು ಪುಡಿಯಾಗಿ ಉದುರುತ್ತದೆ. ಹೊಸ ಕಾಂಕ್ರೀಟ್ ಈ ಪದರಕ್ಕೆ ಎಷ್ಟೇ ಚೆನ್ನಾಗಿ ಅಂಟಿದರೂ, ಪದರವೇ ಹಳೆಯ ಕಾಂಕ್ರೀಟಿನಿಂದ ಕಳಚಿಕೊಳ್ಳುತ್ತದೆ.

ಕಾಂಕ್ರೀಟ್ ಇನ್ನೂ ಪೂರ್ತಿ ಬಲಿತಿರದ ಆ ಹೊತ್ತಿನಲ್ಲಿ ತಂತಿ ಬ್ರಷ್ ಮತ್ತು ನೀರಿನಿಂದಲೇ ಹೆಚ್ಚಿನ ಭಾಗ ಎದ್ದುಬಂತು. ಬ್ರಷ್ಷಿಗೆ ಬಗ್ಗದ ಕಡೆ ಹಗುರವಾದ ಸುತ್ತಿಗೆ ಮತ್ತು ಚೂಪಾದ ಉಳಿಯಿಂದ ಚಿಪ್ಪಿಂಗ್ ಮಾಡಿಸಿದೆ. ದೊಡ್ಡ ಬ್ರೇಕರ್ ಯಂತ್ರ ತರಲು ಬಿಡಲಿಲ್ಲ, ಏಕೆಂದರೆ ಅದರ ಪೆಟ್ಟಿಗೆ ಮುಖದ ಹಿಂದೆ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟಿ, ಗಟ್ಟಿಯಾಗಿದ್ದ ಜಲ್ಲಿಯೂ ಸಡಿಲವಾಗುತ್ತದೆ. ಜಲ್ಲಿಯ ತಲೆಗಳು ಸ್ಪಷ್ಟವಾಗಿ ಕಂಡು, ಏರುತಗ್ಗು ಸುಮಾರು 6 ಮಿಲಿಮೀಟರ್ ಬರುವವರೆಗೆ, ಆದರೆ ಜಲ್ಲಿ ತನ್ನ ಗೂಡಿನಿಂದ ಕದಲದಂತೆ, ಒರಟು ಮಾಡಬೇಕು. ಅಮೆರಿಕದ ಕಾಂಕ್ರೀಟ್ ಸಂಸ್ಥೆಯ ಎಸಿಐ 318 ಸಂಹಿತೆ ಹೀಗೆ 6 ಮಿಲಿಮೀಟರ್ ಒರಟು ಮಾಡಿ ಶುಚಿಗೊಳಿಸಿದ ಮುಖಕ್ಕೆ ಶಿಯರ್ ಘರ್ಷಣೆಯ ಗುಣಾಂಕವನ್ನು 1.0 ಎಂದೂ, ಒರಟು ಮಾಡದ ಮುಖಕ್ಕೆ 0.6 ಎಂದೂ ಪರಿಗಣಿಸುತ್ತದೆ. ಎಂದರೆ ಅಷ್ಟೇ ಕಂಬಿಯಿದ್ದರೂ ನುಣುಪು ಮುಖದ ಜಾಯಿಂಟ್ ಐದರಲ್ಲಿ ಎರಡು ಪಾಲು ಬಲವನ್ನು ಕಳೆದುಕೊಂಡಿರುತ್ತದೆ. ಒರಟಾದ ಮುಖದ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಮತ್ತು ಜಲ್ಲಿ ಅಲುಗಿದ ಜಾಗಗಳನ್ನು ಗಟ್ಟಿ ಸದ್ದು ಬರುವವರೆಗೆ ಮತ್ತೆ ಬಿಡಿಸಿದೆವು. ಸ್ಲ್ಯಾಬಿನ ಮೇಲಂಚನ್ನು ಮಾತ್ರ ಉಳಿಯಿಂದ ಮುಟ್ಟದೆ ನೇರವಾಗಿ ಉಳಿಸಿಕೊಂಡೆವು. ಅಂಚು ಮುರಿದರೆ ಅಲ್ಲಿ ಹೊಸ ಕಾಂಕ್ರೀಟ್ ತೆಳುವಾಗಿ ಹರಡಿ ಆಮೇಲೆ ಸಿಪ್ಪೆ ಏಳುತ್ತದೆ.

ಚಿಪ್ಪಿಂಗ್ ಮಾಡಿದ ಚೂರು ಮತ್ತು ಧೂಳೆಲ್ಲ ಬಂದು ಕೂರುವುದು ಬೀಮಿನ ಪೆಟ್ಟಿಗೆಯ ತಳದಲ್ಲಿ, ಕೆಳಗಂಬಿಗಳ ಅಡಿಯಲ್ಲಿ. ಮೇಲಿನಿಂದ ನೋಡಿದರೆ ಅದು ಕಾಣುವುದೇ ಇಲ್ಲ. ಜಾಯಿಂಟಿನ ಪಕ್ಕದಲ್ಲಿ ಬೀಮಿನ ಬದಿಯ ಹಲಗೆಯ ಒಂದು ತುಂಡನ್ನು ಬಿಚ್ಚಿ ಕಿಂಡಿ ಮಾಡಿಸಿ, ಕಂಪ್ರೆಸರಿನ ಗಾಳಿ ಮತ್ತು ನೀರಿನಿಂದ ಎಲ್ಲವನ್ನೂ ಆ ಕಿಂಡಿಯ ಮೂಲಕ ಹೊರಹಾಕಿ, ಟಾರ್ಚ್ ಬಿಟ್ಟು ನೋಡಿದ ಮೇಲೆಯೇ ಮುಚ್ಚಿಸಿದೆ. ಹೊರಚಾಚಿದ ಕಂಬಿಗಳಿಗೆ ಅಂಟಿ ಒಣಗಿದ್ದ ಸ್ಲರಿಯನ್ನೂ ಬ್ರಷ್ಷಿನಿಂದ ತೆಗೆಸಿದೆ.

ಹೊಸ ಕಾಂಕ್ರೀಟ್ ಹಾಕುವ ಹಿಂದಿನ ರಾತ್ರಿಯಿಡೀ ಜಾಯಿಂಟಿನ ಮುಖಕ್ಕೆ ಒದ್ದೆ ಗೋಣಿಚೀಲಗಳನ್ನು ತಾಗಿಸಿ ಇಟ್ಟಿದ್ದೆವು. ಬೆಳಗ್ಗೆ ಅವನ್ನು ತೆಗೆದು ನಿಂತ ನೀರನ್ನು ಗಾಳಿಯಿಂದ ಊದಿಸಿದೆವು. ಒಳಗೆ ನೀರು ಕುಡಿದು ತಣಿದಿರಬೇಕು, ಮೇಲೆ ಹೊಳೆಯುವ ನೀರಿನ ಪದರವಿರಬಾರದು. ಒಣಗಿದ ಮುಖವಾದರೆ ಹೊಸ ಕಾಂಕ್ರೀಟಿನ ನೀರನ್ನು ಹೀರಿಕೊಂಡು ತಾಗುವ ಜಾಗದ ಸಿಮೆಂಟನ್ನು ಬಲಿಯಲು ಬಿಡುವುದಿಲ್ಲ. ನೀರು ನಿಂತಿದ್ದರೆ ಅಲ್ಲೇ ನೀರು-ಸಿಮೆಂಟ್ ಅನುಪಾತ ಏರಿ ದುರ್ಬಲ ಪಟ್ಟಿಯೊಂದು ಉಳಿಯುತ್ತದೆ. ಮುಖಕ್ಕೆ ಸಿಮೆಂಟ್ ಸ್ಲರಿ ಬಳಿಯುವ ರೂಢಿ ಬಹಳ ಕಡೆ ಇದೆ, ನಾನು ಈ ಕೆಲಸದಲ್ಲಿ ಬಳಿಸಲಿಲ್ಲ. ಬಳಿದ ಸ್ಲರಿ ಬಿಸಿಲಿಗೆ ಒಣಗುವ ಮೊದಲು ಕಾಂಕ್ರೀಟ್ ಬರದಿದ್ದರೆ, ಕಷ್ಟಪಟ್ಟು ತೆಗೆದ ದುರ್ಬಲ ಪದರವನ್ನೇ ನಾವು ಮತ್ತೆ ಹಚ್ಚಿದಂತಾಗುತ್ತದೆ. ಎಪಾಕ್ಸಿ ಅಂಟಿಗೂ ಇದೇ ಮಾತು ಅನ್ವಯಿಸುತ್ತದೆ. ಅದು ಗಟ್ಟಿಯಾದ ಮೇಲೆ ಕಾಂಕ್ರೀಟ್ ಬಿದ್ದರೆ ಅಂಟಿಸುವ ಬದಲು ಎರಡನ್ನೂ ಬೇರ್ಪಡಿಸುತ್ತದೆ. ಒರಟಾಗಿ, ಶುಚಿಯಾಗಿ, ಸರಿಯಾದ ತೇವದಲ್ಲಿರುವ ಮುಖಕ್ಕೆ ಹೊಸ ಕಾಂಕ್ರೀಟಿನ ಗಾರೆಯೇ ಸಾಕು, ಅದು ಆ ಮುಖದವರೆಗೆ ತಲುಪಬೇಕಷ್ಟೆ. ಹಾಗೆ ತಲುಪಿಸಲು ವೈಬ್ರೇಟರಿನ ನೀಡಲನ್ನು ಹಳೆಯ ಮುಖದಿಂದ ಒಂದು ಗೇಣಿನೊಳಗೆ, ಕಂಬಿಗೆ ತಾಗದಂತೆ ಇಳಿಸಿ, ಜಾಯಿಂಟಿನ ಉದ್ದಕ್ಕೂ ಗಾರೆ ಮೇಲೆದ್ದು ಕಾಣುವವರೆಗೆ ಹಿಡಿಸಿದೆ.

ಯಂತ್ರ ಕೆಟ್ಟು ಕೆಲಸ ನಡುವೆಯೇ ನಿಂತರೆ ಬಳಸಲೆಂದು ಕಚ್ಚು ಕೊರೆದ ಅಡ್ಡಹಲಗೆಗಳ ಇನ್ನೊಂದು ಜೊತೆಯನ್ನೂ ಎರಡೂ ದಿನ ಸಿದ್ಧವಾಗಿಟ್ಟಿದ್ದೆ. ಅಂಥ ಸಂದರ್ಭದಲ್ಲಿ ಕಾಂಕ್ರೀಟ್ ಆಧಾರದ ಹತ್ತಿರ ನಿಂತಿದ್ದರೆ, ಗಟ್ಟಿಯಾಗುವ ಮೊದಲೇ ಅದನ್ನು ಒಪ್ಪಬಹುದಾದ ಜಾಗದವರೆಗೆ ಹಿಂದಕ್ಕೆ ಎತ್ತಿ ತೆಗೆದು ಹಲಗೆ ನಿಲ್ಲಿಸಬೇಕು.

ಶಟರಿಂಗ್ ಬಿಚ್ಚಿದ ಮೇಲೆ ಬೀಮುಗಳ ಅಡಿಯಲ್ಲಿ ಕೂದಲೆಳೆಯಷ್ಟು ಗೆರೆ ಕಾಣಿಸಿತು. ಹೊಸ ಕಾಂಕ್ರೀಟ್ ಕುಗ್ಗುವುದರಿಂದ ಬರುವ ಇಂಥ ಗೆರೆಯನ್ನು ನಾನು ದೋಷವೆಂದು ಎಣಿಸುವುದಿಲ್ಲ. ನಾನು ಹುಡುಕಿದ್ದು ಗೆರೆಯ ಪಕ್ಕದಲ್ಲಿ ಜಲ್ಲಿ ತೆರೆದುಕೊಂಡಿದೆಯೇ, ಬ್ಲೇಡಿನ ತುದಿ ಒಳಗೆ ಇಳಿಯುತ್ತದೆಯೇ ಎಂಬುದನ್ನು. ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಕೆಳಗೆ ಗೆರೆಯುದ್ದಕ್ಕೂ ತೇವದ ಕಲೆ ಮೂಡುತ್ತದೆಯೇ ಎಂದು ಮರುದಿನದವರೆಗೆ ಗಮನಿಸಿದೆವು. ತೇವ ಕಂಡಿದ್ದರೆ, ಮುಂದೆ ಅಲ್ಲಿಯೇ ಸುಣ್ಣದ ಬಿಳಿ ಪಟ್ಟಿ ಇಳಿಯುವುದನ್ನು ಕಾಯದೆ, ಆ ಉದ್ದಕ್ಕೆ ಗ್ರೌಟ್ ತುಂಬಿಸಬೇಕಾಗುತ್ತಿತ್ತು. ಸ್ಲ್ಯಾಬಿನ ಅಡಿ ಪೂರ್ತಿ ಒಣಗಿಯೇ ಇತ್ತು.