ಮಿನಿಮಮ್ ಡ್ಯೂ ಕಟ್ಟಿದರೆ ಬಡ್ಡಿ ಎಲ್ಲಿಂದ ಶುರುವಾಗುತ್ತದೆ? ನಿಮ್ಮ ಬಿಲ್ ಹಿಡಿದು ನೀವೇ ಲೆಕ್ಕ ಹಾಕಿ

ಕ್ರೆಡಿಟ್ ಕಾರ್ಡ್ ಬಿಲ್‌ನಲ್ಲಿ ಎರಡು ಮೊತ್ತ ಇರುತ್ತವೆ. ಒಂದು ಟೋಟಲ್ ಡ್ಯೂ, ಇನ್ನೊಂದು ಮಿನಿಮಮ್ ಡ್ಯೂ. ಕೈ ಬಿಗಿಯಾದ ತಿಂಗಳಲ್ಲಿ 40,000ದ ಪಕ್ಕದಲ್ಲಿ 2,000 ಕಂಡರೆ ಯಾರಿಗಾದರೂ ಅದನ್ನೇ ಕಟ್ಟಿ ಸುಮ್ಮನಾಗೋಣ ಅನ್ನಿಸುತ್ತದೆ. ಆ 2,000 ನಿಮ್ಮನ್ನು ತಡಪಾವತಿಯ ದಂಡದಿಂದ ಉಳಿಸುತ್ತದೆ, ಕ್ರೆಡಿಟ್ ವರದಿಯಲ್ಲಿ ‘ಬಾಕಿದಾರ’ ಎಂದು ಬರದಂತೆ ತಡೆಯುತ್ತದೆ. ಬಡ್ಡಿಯನ್ನು ಮಾತ್ರ ನಿಲ್ಲಿಸುವುದಿಲ್ಲ. ಅದು ಹೇಗೆ ಬೆಳೆಯುತ್ತದೆ ಎಂದು ತಿಳಿಯಲು ನಿಮ್ಮ ಹೋದ ತಿಂಗಳ ಬಿಲ್, ಒಂದು ಪೆನ್ನು ಮತ್ತು ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕು.

ಮೊದಲು ಮೂರು ವಿವರ ಹುಡುಕಿ

ಬಿಲ್ ಆದ ದಿನಾಂಕ, ಹಣ ಕಟ್ಟಲು ಕೊನೆಯ ದಿನ, ತಿಂಗಳ ಬಡ್ಡಿ ದರ. ದರ ಬಿಲ್‌ನ ಕೊನೆಯಲ್ಲಿ ಅಥವಾ ಕಾರ್ಡ್‌ನ ಜೊತೆ ಬಂದ ಷರತ್ತುಗಳ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಮ್ಮಲ್ಲಿ ಹೆಚ್ಚಿನ ಕಾರ್ಡ್‌ಗಳಲ್ಲಿ ಅದು ತಿಂಗಳಿಗೆ ಶೇ 3.5ರಿಂದ 3.75. ಕೇಳಲು ಕಡಿಮೆ ಅನ್ನಿಸುತ್ತದೆ, ಅಲ್ವಾ? ಹನ್ನೆರಡರಿಂದ ಗುಣಿಸಿ. ವರ್ಷಕ್ಕೆ ಶೇ 42ರಿಂದ 45. ಶೇ 30ಕ್ಕಿಂತ ಜಾಸ್ತಿ ಹಾಕುವಂತಿಲ್ಲ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹಾಗಾಗಿ ನಿಮ್ಮ ಕಾರ್ಡ್‌ನ ದರ ಎಷ್ಟು ಎಂದು ನೀವೇ ನೋಡಿಕೊಳ್ಳಬೇಕು.

ಬಡ್ಡಿ ಯಾವ ದಿನದಿಂದ?

ಜನ ಎಡವುವುದು ಇಲ್ಲಿಯೇ. ಕೊನೆಯ ದಿನ ದಾಟಿದ ಮೇಲೆ ಬಡ್ಡಿ ಶುರು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಪೂರ್ತಿ ಬಿಲ್ ಕಟ್ಟಿದವರಿಗೆ ಮಾತ್ರ ಬಡ್ಡಿರಹಿತ ಅವಧಿ. ಕಟ್ಟದೆ ಉಳಿಸಿದರೆ ಆ ಸೌಲಭ್ಯ ಹೋಗುತ್ತದೆ, ಬಡ್ಡಿ ನೀವು ವಸ್ತು ಕೊಂಡ ದಿನಕ್ಕೇ ಹಿಂದೆ ಸರಿಯುತ್ತದೆ.

ಒಂದು ಉದಾಹರಣೆ ನೋಡೋಣ. ಜೂನ್ 10ರಂದು 40,000 ರೂಪಾಯಿಯ ಫ್ರಿಜ್ ಕೊಂಡಿರಿ. ಜುಲೈ 5ಕ್ಕೆ ಬಿಲ್, ಜುಲೈ 25 ಕೊನೆಯ ದಿನ. ಮಿನಿಮಮ್ ಶೇ 5, ಅಂದರೆ 2,000. ಅದನ್ನು ಸರಿಯಾಗಿ 25ಕ್ಕೇ ಕಟ್ಟಿದಿರಿ. ಉಳಿದದ್ದು 38,000. ತಿಂಗಳ ಬಡ್ಡಿ ಶೇ 3.5.

ಲೆಕ್ಕ ಹೀಗೆ: ಬಾಕಿಯನ್ನು ವರ್ಷದ ದರದಿಂದ ಗುಣಿಸಿ 365ರಿಂದ ಭಾಗಿಸಿ. 38,000ಕ್ಕೆ ದಿನಕ್ಕೆ ಸುಮಾರು 43 ರೂಪಾಯಿ 73 ಪೈಸೆ ಬರುತ್ತದೆ. ಜೂನ್ 10ರಿಂದ ಮುಂದಿನ ಬಿಲ್ ಆಗುವ ಆಗಸ್ಟ್ 5ರವರೆಗೆ 57 ದಿನ. ಬಡ್ಡಿ 2,492. ಅದರ ಮೇಲೆ ಶೇ 18 ಜಿಎಸ್‌ಟಿ, 449. ಆಗಸ್ಟ್ ಬಿಲ್‌ನಲ್ಲಿ ಕಾಣುವ ಮೊತ್ತ 40,941.

ಎರಡು ಸಾವಿರ ಕಟ್ಟಿದ್ದೀರಿ, ಹೊಸದಾಗಿ ಏನೂ ಕೊಂಡಿಲ್ಲ. ಆದರೂ ಸಾಲ 941 ರೂಪಾಯಿ ಜಾಸ್ತಿಯಾಗಿದೆ. ಬ್ಯಾಂಕಿನಿಂದ ಬ್ಯಾಂಕಿಗೆ ಲೆಕ್ಕದಲ್ಲಿ ತುಸು ವ್ಯತ್ಯಾಸ ಇರಬಹುದು, ಆದರೆ ದಾರಿ ಇದೇ. ನಿಮ್ಮ ಬಿಲ್‌ನಲ್ಲಿ ‘ಫೈನಾನ್ಸ್ ಚಾರ್ಜಸ್’ ಎಂಬ ಸಾಲಿನ ಮುಂದೆ ಈ ಬಡ್ಡಿ ಇರುತ್ತದೆ, ಜಿಎಸ್‌ಟಿ ಬೇರೆ ಸಾಲಿನಲ್ಲಿ. ಎರಡನ್ನೂ ಕೂಡಿಸಿ ನೋಡಿ.

ಮುಂದಿನ ತಿಂಗಳುಗಳು

ಮೊದಲ ಬಿಲ್‌ನಷ್ಟು ದೊಡ್ಡ ಹೊಡೆತ ಆಮೇಲೆ ಬೀಳುವುದಿಲ್ಲ, ಏಕೆಂದರೆ ಬಡ್ಡಿ ಒಂದೇ ತಿಂಗಳದ್ದು. ಆದರೂ ಸಾಲ ಕರಗುವುದು ತೀರಾ ನಿಧಾನ. 40,000 ಬಾಕಿಗೆ ತಿಂಗಳ ಬಡ್ಡಿ 1,400, ಜಿಎಸ್‌ಟಿ 252. ನೀವು ಕಟ್ಟುವ 2,000ದಲ್ಲಿ ಅಸಲಿಗೆ ಹೋಗುವುದು ಬರೀ 348. ಬಾಕಿ ಇಳಿದಂತೆ ಮಿನಿಮಮ್ ಮೊತ್ತವೂ ಇಳಿಯುತ್ತದೆ. ಹೀಗೇ ಶೇ 5 ಮಾತ್ರ ಕಟ್ಟುತ್ತಾ ಹೋದರೆ, ಕಾರ್ಡ್ ಮತ್ತೆ ಮುಟ್ಟದಿದ್ದರೂ, ಸಾಲ ಅರ್ಧಕ್ಕೆ ಬರಲು ಆರೂವರೆ ವರ್ಷ ಬೇಕು. ಅಷ್ಟರಲ್ಲಿ ಫ್ರಿಜ್‌ನ ಕಂಪ್ರೆಸರ್ ಒಮ್ಮೆ ಕೈಕೊಟ್ಟಿರುತ್ತದೆ!

ಕೆಲವು ಬ್ಯಾಂಕುಗಳು ಬಡ್ಡಿ ಮತ್ತು ತೆರಿಗೆಯನ್ನು ಪೂರ್ತಿಯಾಗಿ ಮಿನಿಮಮ್‌ಗೆ ಸೇರಿಸುತ್ತವೆ. ಆಗ ಮಿನಿಮಮ್ ದೊಡ್ಡದಾಗಿ ಕಾಣುತ್ತದೆ. ಬೇಸರ ಬೇಡ, ಅದು ನಿಮಗೇ ಒಳ್ಳೆಯದು, ಸಾಲ ಬೇಗ ಇಳಿಯುತ್ತದೆ. ಮಿನಿಮಮ್ ಮೊತ್ತ ಸಾಲವನ್ನು ಬೆಳೆಸುವಂತೆ ಇರಬಾರದು, ಕಟ್ಟದ ಶುಲ್ಕ ಮತ್ತು ತೆರಿಗೆಯ ಮೇಲೆ ಮತ್ತೆ ಬಡ್ಡಿ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ನಿಯಮದಲ್ಲಿ ಹೇಳಿದೆ. ಮಿನಿಮಮ್ ಮಾತ್ರ ಕಟ್ಟಿದರೆ ತೀರಿಸಲು ತಿಂಗಳು, ವರ್ಷಗಳೇ ಹಿಡಿಯುತ್ತವೆ ಎಂಬ ಎಚ್ಚರಿಕೆಯನ್ನೂ ಬಿಲ್‌ನಲ್ಲಿ ಹಾಕಲೇಬೇಕು. ಅದನ್ನು ಮಿನಿಮಮ್ ಮೊತ್ತದ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ಕಾರ್ಡ್‌ನಲ್ಲಿ ರೇಷನ್ ಕೂಡ ತರಬೇಡಿ

ಬಾಕಿ ಇರುವಾಗ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಇಲ್ಲ. ಆಗಸ್ಟ್ 10ಕ್ಕೆ 6,000ದ ದಿನಸಿ ತಂದರೆ ಅವತ್ತಿನಿಂದಲೇ ದಿನಕ್ಕೆ ಏಳು ರೂಪಾಯಿಯ ಹತ್ತಿರ ಬಡ್ಡಿ. ಸೆಪ್ಟೆಂಬರ್ 5ರ ಬಿಲ್ ಹೊತ್ತಿಗೆ ಜಿಎಸ್‌ಟಿ ಸೇರಿ 220 ರೂಪಾಯಿ. ಅಕ್ಕಿ, ಬೇಳೆ, ಎಣ್ಣೆಗೆ ಬಡ್ಡಿ ಕಟ್ಟಿದಂತಾಯಿತು. ಬಾಕಿ ತೀರುವವರೆಗೆ ದಿನದ ಖರ್ಚು ಯುಪಿಐ ಅಥವಾ ನಗದಿನಲ್ಲಿ ಮಾಡಿ. ಆ ಕಾರ್ಡ್‌ಗೆ ಜೋಡಿಸಿದ ಆಟೊಪೇಗಳನ್ನೂ ತೆಗೆಯಿರಿ, ಮೊಬೈಲ್ ರೀಚಾರ್ಜ್‌ನಂಥವು ಗೊತ್ತಿಲ್ಲದೆ ಸೇರಿಕೊಳ್ಳುತ್ತವೆ. ಎಟಿಎಂನಲ್ಲಿ ಕಾರ್ಡ್ ಹಾಕಿ ನಗದು ತೆಗೆದರಂತೂ ಯಾವಾಗಲೂ ಮೊದಲ ದಿನದಿಂದಲೇ ಬಡ್ಡಿ, ಜೊತೆಗೆ ಶುಲ್ಕ.

ಹೊರಬರುವ ದಾರಿ

ಬಿಲ್ ಹೇಳುವ ಮಿನಿಮಮ್ ಬಿಟ್ಟು, ನೀವೇ ಒಂದು ಮೊತ್ತ ಗಟ್ಟಿ ಮಾಡಿಕೊಳ್ಳಿ. 40,941ಕ್ಕೆ ತಿಂಗಳಿಗೆ 5,000 ತಪ್ಪದೆ ಕಟ್ಟಿದರೆ ಹನ್ನೊಂದನೇ ತಿಂಗಳಲ್ಲಿ ಸ್ವಲ್ಪ ಉಳಿದದ್ದನ್ನು ಕಟ್ಟಿ ಮುಗಿಸಬಹುದು. ಬಡ್ಡಿ, ತೆರಿಗೆ ಸೇರಿ ಸುಮಾರು 10,000 ಹೋಗುತ್ತದೆ. ಬಡ್ಡಿ ದಿನದ ಲೆಕ್ಕದಲ್ಲಿ ಬೀಳುವುದರಿಂದ ಕೊನೆಯ ದಿನಕ್ಕೆ ಕಾಯಬೇಡಿ. ಸಂಬಳ ಬಂದ ದಿನವೇ ಕಟ್ಟಿ. ತಿಂಗಳಲ್ಲಿ ಎರಡು ಸಲ ಕಟ್ಟಲೂ ಅಡ್ಡಿಯಿಲ್ಲ.

ಅಷ್ಟು ಆಗದಿದ್ದರೆ ಸಾಲವನ್ನು ಕಡಿಮೆ ಬಡ್ಡಿಯ ಕಡೆಗೆ ಸಾಗಿಸಿ. ಬಾಕಿಯನ್ನು ಇಎಂಐ ಮಾಡಿಕೊಡಿ ಎಂದು ಬ್ಯಾಂಕನ್ನು ಕೇಳಬಹುದು. ಕೊನೆಯ ದಿನಕ್ಕೆ ಮುಂಚೆಯೇ ಕೇಳಿ. ದರ ಕಾರ್ಡ್‌ನ ಬಡ್ಡಿಗಿಂತ ಕಡಿಮೆ ಇರುತ್ತದೆ, ಆದರೆ ಪ್ರೊಸೆಸಿಂಗ್ ಶುಲ್ಕ ಎಷ್ಟು ಎಂದು ವಿಚಾರಿಸಿಕೊಳ್ಳಿ. ಮನೆಯಲ್ಲಿ ಒಡವೆ ಇದ್ದರೆ ಬ್ಯಾಂಕಿನ ಚಿನ್ನದ ಸಾಲವನ್ನೂ ಯೋಚಿಸಿ. ವರ್ಷಕ್ಕೆ ಶೇ 10ರ ದರ ಸಿಕ್ಕಿದರೆ 40,941ಕ್ಕೆ ತಿಂಗಳ ಬಡ್ಡಿ ಸುಮಾರು 340. ಕಾರ್ಡ್‌ನಲ್ಲಿ ಅದೇ ಮೊತ್ತಕ್ಕೆ ಜಿಎಸ್‌ಟಿ ಸೇರಿ 1,690. ಒಡವೆ ಬಿಡಿಸಿಕೊಳ್ಳುವ ತಾರೀಖು ಗುರುತು ಹಾಕಿಕೊಂಡು, ಕಾರ್ಡ್ ಪಕ್ಕಕ್ಕಿಟ್ಟರೆ ಮಾತ್ರ ಇದರಿಂದ ಲಾಭ.

ಪೂರ್ತಿ ಕಟ್ಟಿದ ಮೇಲೂ ಬಡ್ಡಿ ಬಂತೇ?

ಬರುತ್ತದೆ. ಗಾಬರಿ ಬೇಡ. ಕೊನೆಯ 10,000 ಬಾಕಿಗೆ 5ಕ್ಕೆ ಬಿಲ್ ಆಗಿ, ನೀವು 25ಕ್ಕೆ ಪೂರ್ತಿ ಕಟ್ಟಿದಿರಿ ಎನ್ನಿ. ನಡುವಿನ 19 ದಿನಗಳ ಬಡ್ಡಿ ಆ ಬಿಲ್‌ನಲ್ಲಿ ಸೇರಿರುವುದಿಲ್ಲ. ಅದು ಜಿಎಸ್‌ಟಿ ಸೇರಿ ಸುಮಾರು 260 ರೂಪಾಯಿ, ಮುಂದಿನ ಬಿಲ್‌ನಲ್ಲಿ ಬರುತ್ತದೆ. ಎಲ್ಲ ಮುಗಿಯಿತು ಎಂದು ಆ ಬಿಲ್ ತೆರೆಯದೆ ಬಿಟ್ಟರೆ 260ಕ್ಕೆ ತಡಪಾವತಿ ದಂಡವೂ ಸೇರಿಕೊಳ್ಳಬಹುದು. ಅದನ್ನೂ ಕಟ್ಟಿ, ಅದರ ಮುಂದಿನ ಬಿಲ್‌ನಲ್ಲಿ ಫೈನಾನ್ಸ್ ಚಾರ್ಜಸ್ ಸೊನ್ನೆ ಆಗಿದೆಯೇ ನೋಡಿ. ಸೊನ್ನೆ ಕಂಡ ಮೇಲೆಯೇ ಮತ್ತೆ ಆ ಕಾರ್ಡ್ ಬಳಸಿ.