ಪಾರ್ಲರ್ ಕರೆಂಟ್ ಬಿಲ್: ಮೊದಲು ಬಕೆಟ್ ಹಿಡಿಯಿರಿ, ಆಮೇಲೆ ಸೋಲಾರ್ ಕೊಳ್ಳಿ

ನಮ್ಮ ಅತ್ತಿಗೆ ಹಾಸನದ ಸಾಲಗಾಮೆ ರಸ್ತೆ ಕಡೆ ಬ್ಯೂಟಿ ಪಾರ್ಲರ್ ನಡೆಸುತ್ತಾರೆ. ಎರಡು ಕುರ್ಚಿ, ಒಂದು ಹೇರ್ ವಾಶ್ ಬೇಸಿನ್, ಒಳಗೆ ಫೇಶಿಯಲ್‌ಗೆ ಒಂದು ಮಂಚ, ಅಷ್ಟೇ. ಹೋದ ಡಿಸೆಂಬರ್‌ನಲ್ಲಿ ಬಿಲ್ ನನ್ನ ಕೈಗೆ ಕೊಟ್ಟು, "ಎಸಿ ಇಲ್ಲ, ಫ್ರಿಜ್ ಇಲ್ಲ. ಆದ್ರೂ ತಿಂಗಳಿಗೆ ಇನ್ನೂರೈವತ್ತು ಯೂನಿಟ್ ಎಲ್ಲಿಗೆ ಹೋಗುತ್ತೆ ನೋಡಪ್ಪ" ಅಂದರು. ಅಂಗಡಿ ಮೀಟರ್‌ಗೆ ಗೃಹಜ್ಯೋತಿ ಇಲ್ಲ. ಒಂದೊಂದು ಯೂನಿಟ್‌ಗೂ ದುಡ್ಡು ಕಟ್ಟಲೇಬೇಕು. ಅಷ್ಟು ಹೊತ್ತಿಗಾಗಲೇ ಅವರು 200 ಲೀಟರ್ ಸೋಲಾರ್ ವಾಟರ್ ಹೀಟರ್‌ಗೆ ರೇಟ್ ಕೇಳಿಕೊಂಡು ಬಂದಿದ್ದರು. ಸ್ವಲ್ಪ ತಡೆಯಿರಿ ಅತ್ತಿಗೆ, ಮೊದಲು ಅಳೆಯೋಣ ಎಂದೆ. ಆ ಅಳತೆಯನ್ನು ನೀವೂ ಮಾಡಬಹುದು. ಒಂದು ಬಕೆಟ್, ಮೊಬೈಲ್‌ನ ಗಡಿಯಾರ, ನೀರಿಗೆ ಇಡುವಂಥ ಒಂದು ಥರ್ಮಾಮೀಟರ್ ಇದ್ದರೆ ಸಾಕು.

ಒಂದು ತಲೆಗೆ ಎಷ್ಟು ನೀರು?

ಹೇರ್ ವಾಶ್ ಬೇಸಿನ್‌ನ ಹ್ಯಾಂಡ್ ಶವರ್ ಅನ್ನು ಪೂರ್ತಿ ತಿರುಗಿಸಿ, 10 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ನೋಡಿ. ಅಲ್ಲಿ 75 ಸೆಕೆಂಡ್ ಹಿಡಿಯಿತು. ಅಂದರೆ ನಿಮಿಷಕ್ಕೆ 8 ಲೀಟರ್. ಒಬ್ಬರ ತಲೆ ತೊಳೆಯುವಾಗ ಶವರ್ ಹರಿಯುವುದು ಒಟ್ಟು ಒಂದೂಕಾಲು ನಿಮಿಷ. ಹಾಗಾಗಿ ತಲೆಗೆ 10 ಲೀಟರ್. ದಿನಕ್ಕೆ ಸರಾಸರಿ 12 ತಲೆ, 120 ಲೀಟರ್. ಪೆಡಿಕ್ಯೂರ್ ಟಬ್‌ಗೆ 6 ಲೀಟರಿನಂತೆ ಐದು ಸಲ, 30 ಲೀಟರ್. ಎರಡೂ ಸೇರಿ 150.

ನೀರು ಕಾಯಿಸುವ ಲೆಕ್ಕ ಬಹಳ ಸುಲಭ. 1 ಯೂನಿಟ್ ಕರೆಂಟ್ 860 ಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡುತ್ತದೆ. ಅದಕ್ಕೇ ಎಷ್ಟು ಲೀಟರ್ ಬೇಕೋ ಅದನ್ನು ಏರಬೇಕಾದ ಡಿಗ್ರಿಯಿಂದ ಗುಣಿಸಿ, 860ರಿಂದ ಭಾಗಿಸಿ. ಹಾಸನದ ಡಿಸೆಂಬರ್ ಬೆಳಿಗ್ಗೆ ನಲ್ಲಿ ನೀರು 20 ಡಿಗ್ರಿ ಇತ್ತು. ತಲೆಗೆ ಹಿತವಾಗುವುದು 38. ಏರಬೇಕಾದ್ದು 18 ಡಿಗ್ರಿ. 150 ಲೀಟರ್‌ಗೆ ದಿನಕ್ಕೆ 3.1 ಯೂನಿಟ್ ಆಯಿತು.

ಇದರ ಜೊತೆ ಇನ್ನೆರಡು ಖರ್ಚು ಇದ್ದವು. ಸಂಜೆ ಟವೆಲ್ ಒಗೆಯಲು ಹೀಟರ್ ಕಾಯಿಲ್ ಹಾಕಿ 30 ಲೀಟರ್ ನೀರನ್ನು 50 ಡಿಗ್ರಿಗೆ ಕಾಯಿಸುತ್ತಿದ್ದರು. ಅದು 1 ಯೂನಿಟ್. ಇನ್ನೊಂದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗೀಸರ್ ರಾತ್ರಿಯಿಡೀ ಆನ್ ಇರುತ್ತಿತ್ತು! ಬಾಗಿಲು ಹಾಕುವಾಗ ಉಳಿದದ್ದೆಲ್ಲ ಆಫ್ ಮಾಡಿಸಿ, ಗೀಸರ್ ಒಂದನ್ನೇ ಬಿಟ್ಟು, ರಾತ್ರಿ 8ಕ್ಕೆ ಮೀಟರ್ ರೀಡಿಂಗ್ ಬರೆದಿಟ್ಟೆವು. ಬೆಳಿಗ್ಗೆ 9ಕ್ಕೆ ನೋಡಿದರೆ 0.7 ಯೂನಿಟ್ ಹೋಗಿತ್ತು. ಒಂದು ಹನಿ ನೀರು ಬಳಸದೆ! ಹಗಲಿನದೂ ಸೇರಿದರೆ ದಿನಕ್ಕೆ ಸುಮಾರು 1 ಯೂನಿಟ್ ಬರೀ ಬಿಸಿ ಉಳಿಸಿಕೊಳ್ಳುವುದಕ್ಕೇ ಹೋಗುತ್ತಿತ್ತು.

ಎಲ್ಲ ಸೇರಿ ದಿನಕ್ಕೆ 5 ಯೂನಿಟ್, 26 ದಿನಕ್ಕೆ 130ಕ್ಕಿಂತ ಜಾಸ್ತಿ. ಬಿಲ್‌ನ ಅರ್ಧ ಬಿಸಿನೀರೇ ಆಗಿತ್ತು.

ದುಡ್ಡು ಹಾಕುವ ಮುಂಚೆ

ಮೊದಲು ಬದಲಾಯಿಸಿದ್ದು ಶವರ್ ತಲೆ. ಸಣ್ಣ ತೂತುಗಳ, ನಿಮಿಷಕ್ಕೆ 5 ರಿಂದ 6 ಲೀಟರ್ ಬಿಡುವ ಹ್ಯಾಂಡ್ ಶವರ್ ಹಾಕಿದೆವು. ತಲೆಗೆ 7 ಲೀಟರ್ ಸಾಕಾಯಿತು. ಒಂದು ಎಚ್ಚರಿಕೆ ಹೇಳಬೇಕು. ಓವರ್‌ಹೆಡ್ ಟ್ಯಾಂಕ್ ನಿಮ್ಮ ನೆತ್ತಿಯ ಮೇಲೇ ಇದ್ದು ನೀರಿನ ರಭಸ ಕಡಿಮೆ ಇದ್ದರೆ ಇಂಥ ಶವರ್ ಬರೀ ತೊಟ್ಟಿಕ್ಕುತ್ತದೆ. ಶಾಂಪೂ ಹೋಗುವುದೇ ಇಲ್ಲ, ತೊಳೆಯುವ ಹೊತ್ತು ಜಾಸ್ತಿಯಾಗಿ ಉಳಿತಾಯವೂ ಹೋಗುತ್ತದೆ. ಕೊಳ್ಳುವ ಮೊದಲು ಒಮ್ಮೆ ಹಾಕಿ ನೋಡಿ.

ಎರಡನೆಯದು ಗೀಸರ್ ಅಭ್ಯಾಸ. ಥರ್ಮೋಸ್ಟಾಟ್ ಅನ್ನು 65ರಿಂದ 50ಕ್ಕೆ ಇಳಿಸಿದೆವು. ಕೊನೆಯ ಇಬ್ಬರು ಗಿರಾಕಿಗಳು ಬಂದಾಗಲೇ ಸ್ವಿಚ್ ಆಫ್. 25 ಲೀಟರ್ ಗೀಸರ್‌ನಲ್ಲಿ ಉಳಿದ ಬಿಸಿನೀರು ಎರಡು ತಲೆಗೆ ಧಾರಾಳ.

ಇಷ್ಟಕ್ಕೇ ದಿನದ 5 ಯೂನಿಟ್ 4ಕ್ಕೆ ಇಳಿಯಿತು. ಈ ಕೆಲಸವನ್ನು ಸೋಲಾರ್‌ಗಿಂತ ಮುಂಚೆ ಮಾಡಬೇಕು ಅನ್ನುವುದಕ್ಕೆ ಕಾರಣ ಇದೆ. ಬೇಡಿಕೆ ಇಳಿದ ಮೇಲೆ ಬೇಕಾಗುವ ಸೋಲಾರ್ ಕೂಡ ಚಿಕ್ಕದಾಗುತ್ತದೆ.

100 ಲೀಟರೋ, 200 ಲೀಟರೋ?

100 ಲೀಟರ್ ಸೋಲಾರ್ ಒಳ್ಳೆಯ ಬಿಸಿಲಿನ ದಿನ 20 ಡಿಗ್ರಿ ನೀರನ್ನು 60 ಡಿಗ್ರಿಗೆ ತರುತ್ತದೆ. ನೂರು ಲೀಟರನ್ನು ನಲವತ್ತು ಡಿಗ್ರಿಯಿಂದ ಗುಣಿಸಿದರೆ 4,000. ಈ ಪಾರ್ಲರ್‌ಗೆ ಬೇಕಾದ್ದು ಎಷ್ಟು? ತಲೆ ಮತ್ತು ಪೆಡಿಕ್ಯೂರ್‌ಗೆ 114 ಲೀಟರ್, 18 ಡಿಗ್ರಿ, ಅಂದರೆ 2,050. ಟವೆಲ್‌ಗೆ 900. ಕೊನೆಗೆ ಪೈಪಿನ ನಷ್ಟ. ಪಾರ್ಲರ್ ಕೆಳಗಿದೆ, ಸೋಲಾರ್ ಎರಡು ಮಹಡಿ ಮೇಲಿನ ತಾರಸಿಯಲ್ಲಿ. ಸುಮಾರು 15 ಮೀಟರ್ ಅರ್ಧ ಇಂಚಿನ ಪೈಪಿನಲ್ಲಿ ಹತ್ತಿರ ಹತ್ತಿರ 2 ಲೀಟರ್ ನೀರು ನಿಂತಿರುತ್ತದೆ. ಗಿರಾಕಿ ಗಿರಾಕಿಗೂ ನಡುವೆ ಅದು ಆರುತ್ತದೆ. ದಿನಕ್ಕೆ ಹತ್ತು ಸಲ ಹೀಗಾದರೆ 800. ಒಟ್ಟು 3,750. ನೂರು ಲೀಟರ್ ಸರಿಯಾಗಿ ಸಾಕು, ಇನ್ನೂರು ಬೇಡ.

ಈಗ ಹಣದ ಮಾತು. ದಿನಕ್ಕೆ 4 ಯೂನಿಟ್‌ನಂತೆ ತಿಂಗಳಿಗೆ 104. ಯೂನಿಟ್‌ಗೆ 8 ರೂಪಾಯಿ, ಮೇಲೆ ಶೇ 9 ತೆರಿಗೆ ಎಂದಿಟ್ಟುಕೊಂಡರೆ 900 ರೂಪಾಯಿ. ನಿಮ್ಮ ಬಿಲ್‌ನಲ್ಲಿರುವ ದರ ಹಾಕಿಕೊಂಡು ಲೆಕ್ಕ ಮಾಡಿ. ಬಿಸಿಲಿನ ಎಂಟು ತಿಂಗಳು ತಿಂಗಳಿಗೆ 800 ಉಳಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್ ತನಕ 300 ಎಂದು ನಾನು ಹಿಡಿದೆ. ವರ್ಷಕ್ಕೆ 7,600. ಪೈಪು, ಕೂಲಿ ಎಲ್ಲ ಸೇರಿ ಅತ್ತಿಗೆಗೆ 27,000 ಖರ್ಚಾಯಿತು. ಮೂರೂವರೆ ವರ್ಷದಲ್ಲಿ ಹಣ ವಾಪಸ್. ಟವೆಲ್ ಒಗೆತಕ್ಕೆ ಬಿಸಿನೀರು ಬಳಸದ ಪಾರ್ಲರ್ ಆದರೆ ಇದೇ ಲೆಕ್ಕ ಐದು ವರ್ಷಕ್ಕೆ ಹೋಗುತ್ತದೆ. ದಿನಕ್ಕೆ ನಾಲ್ಕೈದು ತಲೆ ಮಾತ್ರ ತೊಳೆಯುವವರು ಸೋಲಾರ್ ಹಾಕಿಸಬೇಡಿ ಎಂದೇ ಹೇಳುತ್ತೇನೆ.

ಬಾಡಿಗೆ ಕಟ್ಟಡವಾದರೆ ತಾರಸಿ ಬಳಸಲು ಮಾಲೀಕರಿಂದ ಬರೆಸಿಕೊಳ್ಳಿ. ಬಿಟ್ಟು ಹೋಗುವಾಗ ಸೋಲಾರ್ ನಿಮ್ಮದೇ ಎಂಬ ಸಾಲೂ ಅದರಲ್ಲಿರಲಿ.

ತಾರಸಿಯಿಂದ ಬೇಸಿನ್‌ವರೆಗೆ

ಸೋಲಾರ್ ದಕ್ಷಿಣಕ್ಕೆ ಮುಖ ಮಾಡಿರಬೇಕು. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ತೆಂಗಿನ ಗರಿಯ ನೆರಳೂ ಬೀಳಬಾರದು. ಡಿಸೆಂಬರ್‌ನಲ್ಲಿ ಸೂರ್ಯ ತಗ್ಗಿನಲ್ಲಿರುತ್ತಾನೆ, ಬೇಸಿಗೆಯಲ್ಲಿ ಬೀಳದ ನೆರಳು ಆಗ ಬೀಳುತ್ತದೆ. ತಣ್ಣೀರಿನ ಓವರ್‌ಹೆಡ್ ಟ್ಯಾಂಕಿನ ತಳ, ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು. ಇಲ್ಲದಿದ್ದರೆ ಸೋಲಾರ್ ಪೂರ್ತಿ ತುಂಬುವುದೇ ಇಲ್ಲ. ಗಾಳಿ ಹೋಗುವ ಏರ್ ಪೈಪ್ ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರ ಇರಲಿ, ಬಾಯಿ ಮುಚ್ಚಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಗೀಸರ್ ಎಲ್ಲಿರಬೇಕು ಎನ್ನುವುದು. ಹಾಕಲು ಬಂದವರು ಸೋಲಾರ್ ಟ್ಯಾಂಕಿನೊಳಗೇ ಕರೆಂಟ್ ಕಾಯಿಲ್ ಹಾಕಿಸಿಕೊಳ್ಳಿ, ಮಳೆಗಾಲಕ್ಕೆ ಆಗುತ್ತೆ ಎಂದರು. ನಾವು ಬೇಡ ಎಂದೆವು. ಆ ಕಾಯಿಲ್ ಕಾಯಿಸುವುದು ನೂರು ಲೀಟರನ್ನೂ. ಒಂದು ಸಲಕ್ಕೆ 4.6 ಯೂನಿಟ್ ಹೋಗುತ್ತದೆ. ನಿಮಗೆ ಅವತ್ತು ಬೇಕಾದ್ದು ಮೂರೇ ತಲೆಯ ನೀರಾದರೂ ಸರಿ. ಅದರ ಬದಲು ಬೇಸಿನ್ ಪಕ್ಕದ ಹಳೆ ಗೀಸರ್ ಅನ್ನು ಅಲ್ಲೇ ಉಳಿಸಿ, ಸೋಲಾರ್‌ನಿಂದ ಇಳಿದ ಪೈಪನ್ನು ಅದರ ತಣ್ಣೀರಿನ ಬಾಯಿಗೆ ಕೊಡಿಸಿದೆವು. ಸೋಲಾರ್ ನೀರು 50ಕ್ಕಿಂತ ಬಿಸಿ ಬಂದರೆ ಗೀಸರ್ ಹೊತ್ತಿಕೊಳ್ಳುವುದೇ ಇಲ್ಲ. ಜುಲೈನ ಸೋನೆ ಮಳೆಯಲ್ಲಿ 28 ಡಿಗ್ರಿ ನೀರು ಬಂದರೂ ನಷ್ಟವಿಲ್ಲ. 18 ಡಿಗ್ರಿ ಏರಿಸುವ ಕಡೆ 10 ಏರಿಸಿದರೆ ಸಾಕಲ್ವಾ? ಪೈಪಿನಲ್ಲಿ ಆರಿದ ಆ 2 ಲೀಟರನ್ನು ಮೋರಿಗೆ ಬಿಡುವುದೂ ತಪ್ಪಿತು. ಅದು ಗೀಸರ್ ಒಳಗೆ ಹೋಗಿ ಬೆರೆಯುತ್ತದೆ, ಗಿರಾಕಿ ಕಾಯಬೇಕಿಲ್ಲ.

ಆದರೆ ನಿಮ್ಮ ಗೀಸರ್ ಬಿಸಿನೀರನ್ನು ಒಳಗೆ ತೆಗೆದುಕೊಳ್ಳಬಲ್ಲದೇ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಚಿಕ್ಕ ಇನ್‌ಸ್ಟಂಟ್ ಗೀಸರ್ ಈ ಕೆಲಸಕ್ಕೆ ಬೇಡ. ಪೈಪಿಗೆ ಮೇಲಿಂದ ಕೆಳಗಿನವರೆಗೂ ಕಪ್ಪು ಫೋಮ್ ಸುತ್ತಿಸಿ. ಬಿಸಿಲು ಬೀಳುವ ಕಡೆ ಅದರ ಮೇಲೆ ಟೇಪ್ ಸುತ್ತದಿದ್ದರೆ ಫೋಮ್ ಬೇಗ ಪುಡಿಯಾಗುತ್ತದೆ.

ಏಪ್ರಿಲ್‌ನಲ್ಲಿ ಈ ನೀರು 70 ಡಿಗ್ರಿ ದಾಟಬಹುದು. ಅದು ನೆತ್ತಿ ಸುಡುವ ನೀರು. ಬೇಸಿನ್‌ಗೆ ಹೋಗುವ ಮುಂಚೆ ಥರ್ಮೋಸ್ಟಾಟಿಕ್ ಮಿಕ್ಸರ್ ಹಾಕಿಸಿ 40ಕ್ಕೆ ನಿಲ್ಲಿಸಿ. ತಣ್ಣೀರಿನ ಲೈನ್ ಕೂಡ ಅದೇ ಓವರ್‌ಹೆಡ್ ಟ್ಯಾಂಕಿನಿಂದ ಬರಲಿ. ಬೇರೆ ಮೋಟಾರ್ ಲೈನಿನಿಂದ ಬಂದರೆ ರಭಸ ಏರುಪೇರಾಗಿ ನಡುವೆ ತಟ್ಟನೆ ಬಿಸಿ ನುಗ್ಗುತ್ತದೆ. ಮಿಕ್ಸರ್ ಇದ್ದರೂ ಕೆಲಸದ ಹುಡುಗಿಯರು ಮೊದಲು ತಮ್ಮ ಮಣಿಕಟ್ಟಿನ ಒಳಭಾಗಕ್ಕೆ ನೀರು ಬಿಟ್ಟು ನೋಡಿಯೇ ತಲೆಗೆ ಹಿಡಿಯಬೇಕು.

ಉಳಿದ ಸಾಮಾನು

ಮದುಮಗಳ ಮೇಕಪ್ ಕನ್ನಡಿಯ ಸುತ್ತ 40 ವ್ಯಾಟ್‌ನ ಎಂಟು ಹಳೆ ಬಲ್ಬ್ ಇದ್ದವು. 7 ವ್ಯಾಟ್ ಎಲ್‌ಇಡಿ ಹಾಕಿದ್ದಕ್ಕೆ ತಿಂಗಳಿಗೆ 20 ಯೂನಿಟ್ ಉಳಿಯಿತು, ಮುಖಕ್ಕೆ ಹೊಡೆಯುತ್ತಿದ್ದ ಕಾವೂ ಹೋಯಿತು. ಅಗ್ಗದ ಎಲ್‌ಇಡಿ ಮಾತ್ರ ಕನ್ನಡಿಗೆ ಹಾಕಬೇಡಿ. ಡಬ್ಬಿಯ ಮೇಲೆ ಸಿಆರ್‌ಐ 90ಕ್ಕಿಂತ ಜಾಸ್ತಿ ಎಂದಿರಬೇಕು. ಇಲ್ಲವಾದರೆ ಒಳಗೆ ಸರಿಯಾಗಿ ಕಂಡ ಫೌಂಡೇಶನ್ ಬಣ್ಣ ಹೊರಗಿನ ಬೆಳಕಿಗೆ ಬೇರೆಯೇ ಕಾಣುತ್ತದೆ. 75 ವ್ಯಾಟ್ ಫ್ಯಾನ್ ಕೆಟ್ಟಾಗ ಅದರ ಜಾಗಕ್ಕೆ 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ತನ್ನಿ.

ಹೇರ್ ಡ್ರೈಯರ್ ವಿಷಯದಲ್ಲಿ ಮೋಸ ಹೋಗಬೇಡಿ. ಶಾಖ ಕೊಡುವ ಸಾಮಾನಿಗೆ ಕರೆಂಟ್ ಬೇಕೇ ಬೇಕು. 2,000 ವ್ಯಾಟ್ ಡ್ರೈಯರ್ ಹತ್ತು ನಿಮಿಷ ಓಡಿದರೆ ಯೂನಿಟ್‌ನ ಮೂರನೇ ಒಂದು ಭಾಗ. ಅಲ್ಲಿ ಉಳಿತಾಯ ಆಗುವುದು ಮೈಕ್ರೋಫೈಬರ್ ಟವೆಲ್‌ನಲ್ಲಿ ಕೂದಲನ್ನು ಚೆನ್ನಾಗಿ ಹಿಂಡಿ, ಆಮೇಲೆ ಡ್ರೈಯರ್ ಹಿಡಿದಾಗ. ಪ್ಲಗ್‌ಗೆ ಸಿಕ್ಕಿಸಿದರೆ ಬಿಲ್ ಇಳಿಯುತ್ತದೆ ಎನ್ನುವ ಪವರ್ ಸೇವರ್ ಡಬ್ಬಿಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ಅವು ಗೀಸರ್, ಡ್ರೈಯರ್ ಎಳೆಯುವ ಯೂನಿಟ್ ಇಳಿಸಲಾರವು.

ನೀರು ಬೆಚ್ಚಗೆ ಮಾತ್ರ ಬಂದರೆ

ಹಿಂದಿನ ದಿನ ಒಳ್ಳೆ ಬಿಸಿಲಿತ್ತು, ಆದರೂ ಬೆಳಿಗ್ಗೆ ನೀರು ಉಗುರುಬೆಚ್ಚಗಿದೆ. ಆಗ ಗೀಸರ್ ಅನ್ನೇ ನೆಚ್ಚಿಕೊಂಡು ಕೂರಬೇಡಿ. ಗೀಸರ್ ಆ ಕೊರತೆಯನ್ನು ಸದ್ದಿಲ್ಲದೆ ತುಂಬುತ್ತಾ ಹೋಗುತ್ತದೆ, ನಿಮಗೆ ಗೊತ್ತಾಗುವುದು ಬಿಲ್ ಬಂದಾಗಲೇ. ಅದಕ್ಕೇ ಅತ್ತಿಗೆ ತಿಂಗಳಿಗೊಂದು ದಿನ ಗೀಸರ್ ಆಫ್ ಇಟ್ಟು, ಮಧ್ಯಾಹ್ನ ಮೂರಕ್ಕೆ ಬರುವ ನೀರಿಗೆ ಥರ್ಮಾಮೀಟರ್ ಇಟ್ಟು ಕ್ಯಾಲೆಂಡರ್‌ನಲ್ಲಿ ಬರೆದಿಡುತ್ತಾರೆ.

ಅಂಕಿ ಇಳಿದಿದ್ದರೆ ತಾರಸಿಗೆ ಹೋಗಿ ಗಾಜಿನ ಟ್ಯೂಬ್‌ಗಳ ತುದಿ ನೋಡಿ. ಸರಿಯಿದ್ದರೆ ಅಲ್ಲಿ ಕನ್ನಡಿಯಂತೆ ಬೆಳ್ಳಿ ಹೊಳಪು ಇರುತ್ತದೆ. ಹಾಲಿನಂತೆ ಬಿಳಿಚಿಕೊಂಡಿದ್ದರೆ ಆ ಟ್ಯೂಬಿನ ಎರಡು ಗಾಜಿನ ನಡುವೆ ಗಾಳಿ ಹೊಕ್ಕಿದೆ ಎಂದರ್ಥ. ಮುಟ್ಟಿದರೂ ಗೊತ್ತಾಗುತ್ತದೆ. ಒಳ್ಳೆಯ ಟ್ಯೂಬಿನ ಹೊರಮೈ ಬಿಸಿಲಲ್ಲೂ ಅಷ್ಟೇನೂ ಕಾದಿರುವುದಿಲ್ಲ, ಕೆಟ್ಟದ್ದು ಕೈಗೆ ಬಿಸಿ ಹತ್ತುತ್ತದೆ. ಅದೊಂದನ್ನೇ ಬದಲಿಸಿದರೆ ಸಾಕು. ಬೋರ್‌ವೆಲ್ ನೀರಾದರೆ ಟ್ಯೂಬಿನ ತಳದಲ್ಲಿ ಸುಣ್ಣದಂಥ ಪುಡಿ ಕೂರುತ್ತದೆ, ವರ್ಷಕ್ಕೊಮ್ಮೆ ತೊಳೆಸಿ. ಈ ಎರಡೂ ಕೆಲಸವನ್ನು ಬೆಳಿಗ್ಗೆ ಬಿಸಿಲೇರುವ ಮುಂಚೆ ಮಾಡಿಸಿ. ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿದ್ದರೆ ಗಾಜು ಸೀಳುತ್ತದೆ.